ಹಳೆ ದಂತ ಇಟ್ಟುಕೊಂಡವರಿಗೆ, ಮಾರಲು ಹೊರಟವರಿಗೆ, ಅರಣ್ಯ ಇಲಾಖೆಯವರಿಗೆ: ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಮತ್ತು ಅಜ್ಜನ ಕಾಲದ ಬಿಳಿ ವಿಗ್ರಹವನ್ನು ಶೋಕೇಸಿನಲ್ಲೋ ಅಟ್ಟದ ಟ್ರಂಕಿನಲ್ಲೋ ಇಟ್ಟುಕೊಂಡಿರುವ ಎಲ್ಲರಿಗೂ ನಮಸ್ಕಾರ.

ನಾನು ಮೈಸೂರಿನಲ್ಲಿ ಹಳೆ ಸಾಮಾನು ರಿಪೇರಿ ಮಾಡುವವನು. ಬೀಟೆ ಮರದ ಇನ್‌ಲೇ ಪೆಟ್ಟಿಗೆ, ಕಾಲು ಮುರಿದ ಮೇಜು, ಬಿಳಿ ಪಟ್ಟಿ ಕಿತ್ತುಹೋದ ವೀಣೆ, ಇಂಥವು ನನ್ನ ಹತ್ತಿರ ಬರುತ್ತವೆ. ಈಗ ಸಾಮಾನಿಗಿಂತ ಜಾಸ್ತಿ ಬರುವುದು ವಾಟ್ಸಾಪ್ ಫೋಟೊ. ಜೊತೆಗೆ ಎರಡು ಪ್ರಶ್ನೆ ಒಟ್ಟಿಗೇ ಇರುತ್ತವೆ: "ಸಾರ್, ಇದು ಆನೆ ದಂತಾನಾ? ಆಗಿದ್ರೆ ಎಷ್ಟಕ್ಕೆ ಹೋಗುತ್ತೆ?"

ಮೊದಲನೆಯದಕ್ಕೆ ಸಾಮಾನು ಕೈಗೆ ಬಂದರೆ ಹೆಚ್ಚಿನ ಸಲ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಸೊನ್ನೆ. ದಂತ ಅಂತ ಖಚಿತವಾದ ಕ್ಷಣದಿಂದ ಅದನ್ನು ಭಾರತದಲ್ಲಿ ಮಾರುವ ಹಾಗೇ ಇಲ್ಲ, ನೂರು ವರ್ಷ ಹಳೆಯದಾಗಿದ್ದರೂ ಅಷ್ಟೇ. ಇದನ್ನು ಹೇಳಿದರೆ ಜನ ನನ್ನ ಮೇಲೇ ರೇಗುತ್ತಾರೆ. "ಆ ಆನೆ ಸತ್ತು ಎಷ್ಟು ಕಾಲ ಆಯ್ತು, ಈಗ ಮಾರಿದ್ರೆ ಯಾರಿಗೆ ನಷ್ಟ?" ಅನ್ನುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಒಂದು ಮನೆಯವರು ತಂದ ಮೂರು ಸಾಮಾನಿನಿಂದಲೇ ಶುರು ಮಾಡುತ್ತೇನೆ. ಒಂದು ಕೊಳಲು ಹಿಡಿದ ಕೃಷ್ಣ, ಒಂದು ಕಾಗದ ಕತ್ತರಿಸುವ ಚಾಕು, ಒಂದು ಪುಟ್ಟ ಗಣಪತಿ. ಮೂರೂ ಕೆನೆ ಬಣ್ಣ, ಮೂರೂ ಸಂದಿಗಳಲ್ಲಿ ಕಂದು. ಮೂರೂ ದಂತ ಅಂತಲೇ ಮನೆಯವರ ನಂಬಿಕೆ.

ಬಣ್ಣ ನೋಡಿ ಯಾವತ್ತೂ ತೀರ್ಮಾನ ಮಾಡಬೇಡಿ. ಟೀ ಡಿಕಾಕ್ಷನ್‌ನಲ್ಲಿ ನೆನೆಸಿದರೆ, ಹೊಗೆ ಹಿಡಿಸಿದರೆ ಯಾವುದು ಬೇಕಾದರೂ ಹಳೆಯದಾಗಿ ಕಾಣುತ್ತದೆ. ಕೆನ್ನೆಗೆ ಒತ್ತಿ ತಣ್ಣಗಿದೆಯಾ ನೋಡುವುದು, ಕೈಯಲ್ಲಿ ತೂಗುವುದು ಕೂಡ ನಂಬಿಕೆಗೆ ಯೋಗ್ಯವಲ್ಲ. ರೆಸಿನ್ ಅನ್ನುವ, ಅಚ್ಚಿಗೆ ಹೊಯ್ಯುವ ಪ್ಲಾಸ್ಟಿಕ್‌ಗೆ ಕಲ್ಲಿನ ಪುಡಿ ಬೆರೆಸಿ ಭಾರ ಬರಿಸುತ್ತಾರೆ.

ಬಿಸಿ ಸೂಜಿ ಚುಚ್ಚುವ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ದಂತವೂ ಮೂಳೆಯೂ ಸುಟ್ಟಾಗ ಒಂದೇ ಥರ ಕೂದಲು ಸುಟ್ಟ ವಾಸನೆ ಬರುತ್ತದೆ, ಹಾಗಾಗಿ ನಿಮಗೆ ಬೇಕಾದ ವ್ಯತ್ಯಾಸವೇ ಅದರಲ್ಲಿ ತಿಳಿಯುವುದಿಲ್ಲ. ಸಾಮಾನಿಗೆ ತೂತು ಬೀಳುವುದು ಮಾತ್ರ ಗ್ಯಾರಂಟಿ. ಅದು ಸೆಲ್ಯುಲಾಯ್ಡ್ ಅನ್ನುವ ಹಳೆ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಬೇಕಾಗಿರುವುದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಪಕ್ಕದಿಂದ ಬೀಳುವ ಬೆಳಕು. ನೋಡಬೇಕಾದ ಜಾಗ ಮುಖವಲ್ಲ, ಬುಡ. ವಿಗ್ರಹವನ್ನು ಸಾಮಾನ್ಯವಾಗಿ ದಂತದ ಉದ್ದಕ್ಕೆ ನಿಲ್ಲಿಸಿ ಕೆತ್ತುತ್ತಾರೆ. ಹಾಗಾಗಿ ಅಡಿಭಾಗದಲ್ಲಿ ದಂತದ ಅಡ್ಡ ಸೀಳು ಸಿಗುತ್ತದೆ. ಗುಟ್ಟು ಇರುವುದು ಅಲ್ಲಿ.

ಕೃಷ್ಣನನ್ನು ತಲೆಕೆಳಗು ಮಾಡಿ ಹಿಡಿದಾಗ ಬುಡದಲ್ಲಿ ಬಹಳ ಸಣ್ಣ ಗೆರೆಗಳು ಒಂದನ್ನೊಂದು ಕತ್ತರಿಸುತ್ತಾ ಹೋಗಿದ್ದವು, ಈಚಲು ಚಾಪೆಯ ಹೆಣಿಗೆಯ ಹಾಗೆ. ಇವನ್ನು ಶ್ರೇಗರ್ ಗೆರೆ ಅನ್ನುತ್ತಾರೆ. ದಂತ ಅಂದರೆ ಆನೆಯ ಹಲ್ಲು. ಆ ಹಲ್ಲು ಬೆಳೆಯುವಾಗ ಅದರೊಳಗಿನ ಅತಿ ಸಣ್ಣ ನಾಳಗಳು ಜೋಡಿಸಿಕೊಳ್ಳುವ ರೀತಿಯಿಂದ ಈ ಹೆಣಿಗೆ ಮೂಡುತ್ತದೆ. ಆನೆ ಮತ್ತು ಅದರ ಅಳಿದುಹೋದ ನೆಂಟರಾದ ಮ್ಯಾಮತ್‌ನಂಥ ಪ್ರಾಣಿಗಳಲ್ಲಿ ಬಿಟ್ಟರೆ ಇದು ಸಿಗುವುದಿಲ್ಲ. ಮೂಳೆಯಲ್ಲಿ ಇಲ್ಲ, ಹಂದಿ ಕೋರೆಯಲ್ಲಿ ಇಲ್ಲ, ಪ್ಲಾಸ್ಟಿಕ್‌ನಲ್ಲಿ ಇಷ್ಟು ಸಹಜವಾಗಿ ತರಲು ಇನ್ನೂ ಯಾರಿಗೂ ಆಗಿಲ್ಲ. ವಿಗ್ರಹದ ಪಕ್ಕದಲ್ಲಿ ನೋಡಿದರೆ ಈ ಹೆಣಿಗೆ ಕಾಣುವುದಿಲ್ಲ, ಅಲ್ಲಿ ಉದ್ದಕ್ಕೆ ತೆಳುವಾದ ಅಲೆಅಲೆಯ ಗೆರೆ ಮಾತ್ರ ಇರುತ್ತದೆ. ಎಷ್ಟೋ ಜನ ಪಕ್ಕದಲ್ಲಿ ಚಾಪೆ ಹುಡುಕಿ, ಸಿಗಲಿಲ್ಲ, ಹಾಗಾದರೆ ದಂತ ಅಲ್ಲ ಅಂತ ನಿಟ್ಟುಸಿರು ಬಿಡುತ್ತಾರೆ.

ಇನ್ನೂ ಒಂದು ಹೆಜ್ಜೆ ಇದೆ. ಸೈಬೀರಿಯದ ಹೆಪ್ಪುನೆಲದಿಂದ ತೆಗೆದ ಮ್ಯಾಮತ್ ದಂತವೂ ಕೆತ್ತನೆಗೆ ಬರುತ್ತದೆ, ಅದರಲ್ಲೂ ಇದೇ ಹೆಣಿಗೆ ಇರುತ್ತದೆ. ವ್ಯತ್ಯಾಸ ಇರುವುದು ಗೆರೆಗಳು ಸೇರುವ ಕೋನದಲ್ಲಿ. ಸ್ಕೇಲ್ ಇಟ್ಟು ಬುಡದ ಫೋಟೊ ತೆಗೆದು, ದೊಡ್ಡದಾಗಿ ಪ್ರಿಂಟ್ ಮಾಡಿ, ಕೋನಮಾಪಕ ಇಟ್ಟು ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯಬೇಕು. 115 ಡಿಗ್ರಿಗಿಂತ ಜಾಸ್ತಿ ಬಂದರೆ ಇಂದಿನ ಆನೆ, 90ಕ್ಕಿಂತ ಕಡಿಮೆ ಬಂದರೆ ಮ್ಯಾಮತ್. ನಡುವೆ ಬಂದರೆ ಸುಮ್ಮನಿರಬೇಕು, ಹೇಳಲು ಆಗುವುದಿಲ್ಲ. ಇಲ್ಲೊಂದು ತೊಡಕೂ ಇದೆ. ಅಳೆಯಬೇಕಾದ್ದು ದಂತದ ಹೊರಸಿಪ್ಪೆಗೆ ಹತ್ತಿರದ ಗೆರೆಗಳನ್ನು ಮಾತ್ರ. ನಡುವಿನ ಕಡೆಗೆ ಹೋದಂತೆ ಆನೆಯ ದಂತದಲ್ಲೂ ಕೋನ ಕಿರಿದಾಗುತ್ತದೆ. ಕೆತ್ತುವಾಗ ಹೊರಭಾಗವನ್ನೆಲ್ಲ ತೆಗೆದುಹಾಕಿದ್ದರೆ ಈ ಲೆಕ್ಕ ದಾರಿ ತಪ್ಪಿಸುತ್ತದೆ. ನಮ್ಮ ಕೃಷ್ಣನ ಹಿಂಬದಿಯಲ್ಲಿ ಸಿಪ್ಪೆಯ ಒಂದು ತೆಳು ಅಂಚು ಉಳಿದಿತ್ತು. ಅಲ್ಲಿ ಅಳೆದರೆ 120ರ ಆಸುಪಾಸು ಬಂತು. ಆನೆಯೇ. ಏಷ್ಯಾದ ಆನೆಯೋ ಆಫ್ರಿಕಾದ್ದೋ ಅನ್ನುವುದು ಕಣ್ಣಿಗೆ ತಿಳಿಯುವ ವಿಷಯವಲ್ಲ, ಅದಕ್ಕೆ ಡಿಎನ್‌ಎ ಪರೀಕ್ಷೆ ಬೇಕು.

ಚಾಕು ಮೂಳೆಯದು. ಹಿಡಿಯ ಉದ್ದಕ್ಕೆ ಸಣ್ಣ ಸಣ್ಣ ಕಪ್ಪು ಗೀರುಗಳು, ಪೆನ್ಸಿಲಿನಿಂದ ಬಿಟ್ಟು ಬಿಟ್ಟು ಎಳೆದಿದ್ದಾರೇನೋ ಅನ್ನಿಸುವಂತೆ. ತುದಿಯಲ್ಲಿ ಅವೇ ಚುಕ್ಕೆಗಳಾಗಿ ಕಾಣುತ್ತವೆ. ಜೀವ ಇದ್ದಾಗ ಮೂಳೆಯೊಳಗೆ ರಕ್ತ ಓಡಾಡುತ್ತಿದ್ದ ನಾಳಗಳು ಅವು. ಆಮೇಲೆ ಎಣ್ಣೆ, ಕೊಳೆ ಸೇರಿ ಕಪ್ಪಾಗಿವೆ. ಚೆನ್ನಾಗಿ ಬಿಳುಪು ಮಾಡಿ ಪಾಲಿಷ್ ಮಾಡಿದ ಮೂಳೆಯಲ್ಲಿ ಚುಕ್ಕೆ ಬೇಗ ಕಾಣುವುದಿಲ್ಲ, ಬೆಳಕನ್ನು ಓರೆಯಾಗಿ ಬೀಳಿಸಿ ಸಣ್ಣ ಕುಳಿಗಳನ್ನು ಹುಡುಕಬೇಕು. ಅಳತೆಯೂ ಸುಳಿವು ಕೊಡುತ್ತದೆ. ದನದ ಕಾಲಿನ ಮೂಳೆ ನಡುವೆ ಟೊಳ್ಳು, ಗೋಡೆ ತೆಳು. ಒಂದೇ ತುಂಡಿನಲ್ಲಿ ದಪ್ಪನೆಯ ವಿಗ್ರಹ ಅದರಿಂದ ಬರುವುದಿಲ್ಲ. ಮೂಳೆಯ ದೊಡ್ಡ ಕೆತ್ತನೆ ಅಂದರೆ ಚಪ್ಪಟೆಯಾಗಿರಬೇಕು, ಇಲ್ಲ ತುಂಡುಗಳನ್ನು ಜೋಡಿಸಿರಬೇಕು.

ಗಣಪತಿ ರೆಸಿನ್. ಬುಡದಲ್ಲಿ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಸೊಂಡಿಲ ಸಂದಿಯಲ್ಲಿ ಎರಡು ಗಾಳಿಗುಳ್ಳೆ, ಕಿವಿಯ ಹಿಂದೆ ಅಚ್ಚಿನ ಎರಡು ಭಾಗ ಸೇರಿದ ಗೆರೆ, ಅದನ್ನು ಉಜ್ಜಿ ಮರೆಮಾಡಲು ನೋಡಿದ ಗುರುತು. ಉಳಿ ಹೋದ ಜಾಗದಲ್ಲಿ ಇರಬೇಕಾದ ಚೂಪು ಎಲ್ಲೂ ಇಲ್ಲ, ಎಲ್ಲ ಅಂಚೂ ಕರಗಿದಂತೆ ಮೊಂಡು. ನೋಟು ನೋಡುವ ಯುವಿ ಟಾರ್ಚನ್ನು ಕತ್ತಲಲ್ಲಿ ಹಿಡಿದಾಗ ಕೃಷ್ಣ, ಚಾಕು ಎರಡೂ ನೀಲಿ ಬೆರೆತ ಬಿಳಿಯಾಗಿ ಹೊಳೆದವು, ಗಣಪತಿ ಮಂಕಾಗಿ ಉಳಿಯಿತು. ಆದರೆ ಕೆಲವು ಪ್ಲಾಸ್ಟಿಕ್ ಕೂಡ ಹೊಳೆಯುತ್ತದೆ, ಹಾಗಾಗಿ ಟಾರ್ಚ್ ಸಾಕ್ಷಿಯಷ್ಟೇ, ಜಡ್ಜ್ ಅಲ್ಲ. ಹಳೆಯ ಸೆಲ್ಯುಲಾಯ್ಡ್‌ನಲ್ಲಿ ದಂತದ ಉದ್ದಗೆರೆಯನ್ನು ಅನುಕರಿಸಿರುತ್ತಾರೆ. ಆದರೆ ಆ ಗೆರೆಗಳು ಅಳತೆಪಟ್ಟಿ ಹಿಡಿದು ಎಳೆದಷ್ಟು ನೇರ, ಒಂದೇ ಅಂತರ. ಹಲ್ಲು ಅಷ್ಟು ಶಿಸ್ತಾಗಿ ಬೆಳೆಯುವುದಿಲ್ಲ.

ಇಲ್ಲಿಯ ತನಕ ಭೂತಗನ್ನಡಿ ಸಾಕು. ಇನ್ನು ಮುಂದಿನ ಪ್ರಶ್ನೆಗೆ ಸಾಕಾಗುವುದಿಲ್ಲ: ಈ ದಂತ ಹಳೆಯದಾ?

ನನಗೆ ಗೊತ್ತಾಗುವುದಿಲ್ಲ. ನನಗಿಂತ ಅನುಭವಸ್ಥರಿಗೂ ಬರೀ ಕಣ್ಣಲ್ಲಿ ಗೊತ್ತಾಗುವುದಿಲ್ಲ. ಕೆತ್ತನೆಯ ಶೈಲಿ ನೋಡಿ ಅಂದಾಜು ಮಾಡಬಹುದು, ಆದರೆ ಹಳೆ ಶೈಲಿಯಲ್ಲಿ ಹೊಸದಾಗಿ ಕೆತ್ತಬಲ್ಲ ಕೈಗಳು ನಮ್ಮಲ್ಲೇ ಇವೆ. ಬಿರುಕು, ಹಳದಿ, ಸವೆತ ಎಲ್ಲವನ್ನೂ ಮಾಡಿಕೊಡಬಹುದು. ಲ್ಯಾಬಿನಲ್ಲಿ ಕಾರ್ಬನ್ ಪರೀಕ್ಷೆ ಇದೆ ನಿಜ. 1950 ಮತ್ತು 60ರ ದಶಕದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಕಾರ್ಬನ್ ಏರಿತು, ಹುಲ್ಲಿಗೆ ಬಂತು, ಹುಲ್ಲು ತಿಂದ ಆನೆಯ ದಂತಕ್ಕೂ ಬಂತು. ಆ ಗುರುತು ಇದ್ದರೆ ದಂತ ಅದರ ಈಚಿನದು. ಆದರೆ ಅದಕ್ಕೆ ಸಾಮಾನಿನಿಂದ ಚೂರು ಕೊರೆಯಬೇಕು, ಖರ್ಚು ಬೇರೆ. ಅದೂ ಸಾಲದು ಅಂತ ದಂತ ಬುಡದಲ್ಲಿ ಬೆಳೆಯುತ್ತಾ ಹೋಗುವಂಥದ್ದು, ತುದಿ ಹಳೆಯದು, ಬುಡ ಹೊಸದು. 1980ರಲ್ಲಿ ಕೊಂದ ಮುದಿ ಸಲಗದ ದಂತದ ತುದಿಯಲ್ಲಿ ಬಾಂಬಿಗೂ ಮೊದಲಿನ ಕಾರ್ಬನ್ ಸಿಗಬಹುದು. ಆ ತುದಿಯಲ್ಲಿ ಮೊನ್ನೆ ಕೃಷ್ಣನನ್ನು ಕೆತ್ತಿದರೂ ಪರೀಕ್ಷೆ "ಹಳೆಯದು" ಅಂತಲೇ ಹೇಳುತ್ತದೆ. ಪರೀಕ್ಷೆ ಹೇಳುವುದು ಹಲ್ಲು ಯಾವಾಗ ಬೆಳೆಯಿತು ಅಂತ, ಆನೆ ಯಾವಾಗ ಸತ್ತಿತು, ಯಾರು ಯಾವಾಗ ಕೆತ್ತಿದರು ಅಂತಲ್ಲ.

"ಹಳೆಯದನ್ನು ಮಾರಲು ಬಿಡಿ, ಹೊಸದನ್ನು ಮಾತ್ರ ತಡೆಯಿರಿ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಅಂಗಡಿಯ ಮೇಜಿನ ಮೇಲೆ ಆ ಎರಡನ್ನೂ ಬೇರೆ ಮಾಡುವ ಉಪಾಯ ಯಾರ ಹತ್ತಿರವೂ ಇಲ್ಲ. ಹಳೆಯದಕ್ಕೆ ಬಾಗಿಲು ತೆರೆದರೆ ಹೊಸದೂ ಅದರಲ್ಲೇ ನಡೆದುಬರುತ್ತದೆ.

ಇದು ನನ್ನ ಊಹೆಯೂ ಅಲ್ಲ, ನಮ್ಮ ದೇಶದಲ್ಲೇ ಆಗಿಹೋಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 1986ರ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು, ಆದರೆ ಆಫ್ರಿಕಾದಿಂದ ತರಿಸಿದ ದಂತಕ್ಕೆ ಅವಕಾಶ ಉಳಿಯಿತು. ಪರಿಣಾಮ ಏನಾಗಬಹುದು ನೀವೇ ಹೇಳಿ. ಎರಡನ್ನೂ ಕಣ್ಣಿನಿಂದ ಬೇರೆ ಮಾಡಲು ಬರುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ. ಕಾಡಿನಲ್ಲಿ ಕದ್ದು ಕಡಿದ ದಂತಕ್ಕೆ "ಆಫ್ರಿಕಾದ್ದು" ಅನ್ನುವ ಒಂದು ಚೀಟಿ ಸಾಕಾಯಿತು. 1991ರ ತಿದ್ದುಪಡಿಯಲ್ಲಿ ಆ ಬಾಗಿಲನ್ನೂ ಮುಚ್ಚಿದರು. ಆಮೇಲೆ ವ್ಯಾಪಾರಿಗಳು ಮ್ಯಾಮತ್ ಹಿಡಿದುಕೊಂಡು ಕೋರ್ಟಿಗೆ ಹೋದರು, ಅದು ಆನೆಯೇ ಅಲ್ಲ, ಸಾವಿರಾರು ವರ್ಷದ ಹಿಂದೆ ಅಳಿದ ಪ್ರಾಣಿ ಅಂತ. 2003ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ದಂತ ಯಾವುದಾದರೂ ನಿಷೇಧ ನಿಷೇಧವೇ ಅಂದಿತು. ಆಗ ಕೆಲವರಿಗೆ ಅತಿ ಅನ್ನಿಸಿತ್ತು. ಮೇಲೆ ಹೇಳಿದ 90, 115ರ ನಡುವಿನ ತೊಡಕು ನೋಡಿದರೆ ನನಗೆ ಸರಿ ಅನ್ನಿಸುತ್ತದೆ. ಪ್ರತಿ ಬಳೆಗೂ ಕೋನಮಾಪಕ ಹಿಡಿದು ಕೂರುವ ಫಾರೆಸ್ಟರ್ ಎಲ್ಲಿ ಸಿಗುತ್ತಾನೆ?

ಇನ್ನು ನಷ್ಟ ಯಾರಿಗೆ ಅನ್ನುವ ಪ್ರಶ್ನೆ. ನಮ್ಮ ಆನೆಗಳಲ್ಲಿ ದೊಡ್ಡ ದಂತ ಇರುವುದು ಗಂಡಿಗೆ ಮಾತ್ರ, ಅದೂ ಎಲ್ಲ ಗಂಡಿಗಲ್ಲ. ಬೇಟೆಗಾರ ಹಿಂಡಿನಿಂದ ಸಲಗಗಳನ್ನೇ ಆರಿಸಿ ತೆಗೆಯುತ್ತಾನೆ. ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ವೀರಪ್ಪನ್ ಕಾಲದಲ್ಲಿ ಏನಾಯಿತು ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಕೇರಳದ ಪೆರಿಯಾರ್‌ನಲ್ಲಿ ಒಂದು ಕಾಲಕ್ಕೆ ನೂರು ಹೆಣ್ಣಾನೆಗೆ ಒಂದು ವಯಸ್ಕ ಗಂಡು ಅನ್ನುವ ಸ್ಥಿತಿ ಬಂದಿತ್ತು. ಅಂಥ ಹಿಂಡಿನಲ್ಲಿ ಆನೆಗಳ ಒಟ್ಟು ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಮರಿ ಹುಟ್ಟುವುದು ಮಾತ್ರ ಬಹಳ ಕಡಿಮೆಯಾಗುತ್ತದೆ.

ಈಗ ಮತ್ತೆ ಕೃಷ್ಣನ ಮನೆಗೆ. ಅವರ ಹತ್ತಿರ ಕಾಗದ ಇತ್ತು, ಅದೇ ಆಶ್ಚರ್ಯ. ಅಜ್ಜನ ಹೆಸರಿನಲ್ಲಿ ಹಳೆಯ ಮಾಲೀಕತ್ವ ಪ್ರಮಾಣಪತ್ರ. ಅದರಲ್ಲಿ ಬರೆದದ್ದು "ದಂತದ ವಿಗ್ರಹ, ಒಂದು" ಅಂತ ಮಾತ್ರ. ಎತ್ತರ ಇಲ್ಲ, ತೂಕ ಇಲ್ಲ, ಫೋಟೊ ಇಲ್ಲ, ಯಾವ ದೇವರು ಅಂತಲೂ ಇಲ್ಲ. ಮನೆಯವರು ಪಾಪ ಸಾಧುಗಳು. ಆದರೆ ಅದೇ ಕಾಗದ ಒಬ್ಬ ಡೀಲರ್ ಕೈಗೆ ಹೋದರೆ? ಇಂದು ಕೃಷ್ಣನಿಗೆ, ನಾಳೆ ಸರಸ್ವತಿಗೆ, ನಾಡಿದ್ದು ನಿನ್ನೆ ಕೆತ್ತಿದ ಬುದ್ಧನಿಗೆ, ಒಂದೇ ಕಾಗದ ಎಲ್ಲಕ್ಕೂ ಅಂಗಿಯಾಗುತ್ತದೆ. ಹಾಗಾಗಿಯೇ 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಪ್ರಮಾಣಪತ್ರ ಇದ್ದವರೂ ಮಾರುವ ಹಾಗಿಲ್ಲ ಅಂತ ಮಾಡಿದ್ದು. ಇಟ್ಟುಕೊಳ್ಳಬಹುದು, ಮಕ್ಕಳಿಗೆ ವಾರಸಾಗಿ ಹೋಗಬಹುದು, ಅಷ್ಟೇ. ಪರಿಪಾಲಕರೇ, ವಾರಸುದಾರರು 90 ದಿನದೊಳಗೆ ನಿಮ್ಮ ಕಚೇರಿಗೆ ಘೋಷಣೆ ಕೊಡಬೇಕು. ಮದುವೆಗೆ ಉಡುಗೊರೆ ಕೊಡುತ್ತೇನೆ, ಸ್ನೇಹಿತನಿಗೆ ಕೊಟ್ಟುಬಿಡುತ್ತೇನೆ ಅನ್ನುವುದಕ್ಕೂ ಅವಕಾಶ ಇಲ್ಲ. ಬೇಡ ಅನ್ನಿಸಿದರೆ 2022ರ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರದ ಸಮೇತ ನಿಮಗೆ ಒಪ್ಪಿಸಬಹುದು, ಪರಿಹಾರ ಸಿಗುವುದಿಲ್ಲ. ತಪ್ಪಿದರೆ ಕನಿಷ್ಠ ಮೂರು ವರ್ಷ, ಏಳರ ತನಕ ಜೈಲು.

ಪರದೇಶದಲ್ಲಿರುವ ಕನ್ನಡಿಗರಿಗೂ ಒಂದು ಮಾತು. ಬ್ರಿಟನ್‌ನಲ್ಲಿ 2022ರಿಂದ ಜಾರಿಯಲ್ಲಿರುವ ದಂತದ ಕಾಯ್ದೆ ಕೆಲವು ವಿನಾಯಿತಿ ಕೊಡುತ್ತದೆ. 1975ಕ್ಕಿಂತ ಹಿಂದಿನ ಸಂಗೀತ ವಾದ್ಯದಲ್ಲಿ ದಂತ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ನೋಂದಾಯಿಸಿ ಮಾರಬಹುದು. ಇದನ್ನು ಓದಿದವರೊಬ್ಬರು ಅಜ್ಜಿಯ ಮೈಸೂರು ವೀಣೆಯನ್ನು ಅಲ್ಲಿಗೆ ಒಯ್ದು ಮಾರುವ ಯೋಚನೆಯಲ್ಲಿದ್ದರು. ಆ ವಿನಾಯಿತಿ ಬ್ರಿಟನ್ನಿನ ಕಾನೂನಿನದು. ಇಲ್ಲಿಂದ ಹೊರಗೆ ಕಳಿಸಲು ಅದು ಅನುಮತಿ ಆಗುವುದಿಲ್ಲ. ಆ ವೀಣೆಯ ಅಂಚಿನ ಪಟ್ಟಿ ದಂತವೇ ಅನ್ನುವುದೂ ಖಾತ್ರಿ ಇರಲಿಲ್ಲ. ತೆಳು ಪಟ್ಟಿಯಲ್ಲಿ ಅಡ್ಡ ಸೀಳೇ ಸಿಗದಿದ್ದರೆ ನನ್ನ ಭೂತಗನ್ನಡಿಗೂ ಕೆಲಸ ಇಲ್ಲ. ಹೊಸ ವೀಣೆಗಳಲ್ಲಿ, ಇಂದಿನ ಇನ್‌ಲೇ ಕೆಲಸದಲ್ಲಿ ಹೇಗೂ ಬಿಳಿ ಪ್ಲಾಸ್ಟಿಕ್ ಇರುತ್ತದೆ.

ಪರಿಪಾಲಕರೇ, ಇಷ್ಟೆಲ್ಲ ಕಾನೂನಿನ ಪರ ಮಾತಾಡಿದ ಮೇಲೆ ನಿಮ್ಮ ಹತ್ತಿರ ಕೇಳುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ಹಳೆ ಪ್ರಮಾಣಪತ್ರಗಳನ್ನು ತೆಗೆಸಿ, ಪ್ರತಿ ಸಾಮಾನಿನ ಅಳತೆ, ತೂಕ, ಎರಡು ಫೋಟೊ ಸೇರಿಸಿ. ಅದರಲ್ಲಿ ಒಂದು ಬುಡದ್ದೇ ಆಗಿರಲಿ, ಸ್ಕೇಲ್ ಇಟ್ಟು ತೆಗೆದದ್ದು. ಬುಡದ ಹೆಣಿಗೆ, ಬಿರುಕು, ಸಿಪ್ಪೆಯ ಅಂಚು ಎರಡು ವಿಗ್ರಹಗಳಲ್ಲಿ ಒಂದೇ ಥರ ಇರುವುದಿಲ್ಲ. ಹಾಗೆ ಮಾಡಿದರೆ ಒಂದು ಕಾಗದ ಇನ್ನೊಂದು ವಿಗ್ರಹಕ್ಕೆ ಹೊಂದುವುದಿಲ್ಲ.

ಅವಧಿ ಮೀರಿದವರಿಗೆ, ಕಾಗದವೇ ಇಲ್ಲದವರಿಗೆ ಏನು ದಾರಿ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಹಾಕಿಸಿ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಗಲಾಟೆ ಎದ್ದಾಗ ಎಷ್ಟು ಮನೆಗಳಲ್ಲಿ ರಾತ್ರೋರಾತ್ರಿ ಪೆಟ್ಟಿಗೆ ತಡಕಾಡಿದರು ಅಂತ ನಿಮಗೂ ಗೊತ್ತು. ಆ ಭಯದಲ್ಲಿ ಜನ ಕಚೇರಿಗೆ ಬರುವುದಿಲ್ಲ, ಸಿಕ್ಕ ಬೆಲೆಗೆ ಯಾರಿಗೋ ದಾಟಿಸುತ್ತಾರೆ. ನಮಗೆ ಬೇಡವಾದದ್ದೇ ಅದು ಅಲ್ವಾ?

ವಿಭಾಗದ ಕಚೇರಿಗಳಲ್ಲಿ ಒಬ್ಬರಿಗಾದರೂ ಇದನ್ನು ಕಲಿಸಿ. ಒಂದು ಭೂತಗನ್ನಡಿ, ಯುವಿ ಟಾರ್ಚ್, ಮೂಳೆ, ದಂತ, ರೆಸಿನ್‌ನ ಒಂದೊಂದು ಮಾದರಿ ತುಂಡು. ಅನುಮಾನ ಉಳಿದದ್ದನ್ನು ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆಯಂಥ ಲ್ಯಾಬ್‌ಗೆ ಕಳಿಸಿ. ಒಂಟೆ ಮೂಳೆಯ ಬಾಚಣಿಗೆ ಮಾರುವವನನ್ನು ದಂತ ಅಂತ ಹಿಡಿದು ಕೂರಿಸಿದರೆ ಅವನ ವ್ಯಾಪಾರ ಹಾಳು, ಇಲಾಖೆಯ ಮರ್ಯಾದೆಯೂ ಹಾಳು. ಕೆತ್ತುವ ಕೈಗಳು ದಂತ ಬಿಟ್ಟು ಮೂಳೆಗೆ, ಮರಕ್ಕೆ, ಪ್ಲಾಸ್ಟಿಕ್‌ಗೆ ಬಂದಿರುವುದು ಕಾನೂನು ಪಾಲಿಸಿಯೇ.

ಕೊಳ್ಳುವವರಿಗೆ ಹೇಳುವುದು ಕಡಿಮೆ. ಆನ್‌ಲೈನಿನಲ್ಲಿ ಯಾರೂ "ಆನೆ ದಂತ" ಅಂತ ಬರೆದು ಮಾರುವುದಿಲ್ಲ, "ಹಳೆ ಬೋನ್", "ಆಂಟಿಕ್ ಬಿಳಿ ಮೂರ್ತಿ" ಅಂತ ಬರೆಯುತ್ತಾರೆ, ಬೆಲೆ ಮಾತ್ರ ಮೂಳೆಯದ್ದಲ್ಲ. ಬುಡದ ಫೋಟೊ ಕೇಳಿ, ಹತ್ತಿರದಿಂದ ತೆಗೆದದ್ದು. ಚುಕ್ಕೆ ಕಂಡರೆ ಮೂಳೆ. ಏನೂ ಇಲ್ಲದೆ ಗುಳ್ಳೆ ಕಂಡರೆ ರೆಸಿನ್, ಚೌಕಾಸಿ ಮಾಡಿ. ಕತ್ತರಿಸುವ ಗೆರೆ ಕಂಡರೆ, ಅಥವಾ ಬುಡ ತೋರಿಸಲು ಮಾರುವವನು ಹಿಂಜರಿದರೆ, ಆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಇಂತಿ,
ಮೈಸೂರಿನ ಒಬ್ಬ ರಿಪೇರಿ ಕೆಲಸದವ